ನಾಟಿ ಇಟ್ಟಿಗೆ, ವೈರ್‌ಕಟ್, ಸಿಮೆಂಟ್ ಬ್ಲಾಕ್: ಒಂದು ಘನ ಮೀಟರ್ ಗೋಡೆಗೆ ನಿಜವಾಗಿ ಎಷ್ಟು ಬೀಳುತ್ತದೆ?

"ನಾಟಿ ಇಟ್ಟಿಗೆ ಎಂಟು ರೂಪಾಯಿ, ವೈರ್‌ಕಟ್ ಹನ್ನೆರಡೂವರೆ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಅಣ್ಣ?" ಅಂತ ನನ್ನ ಚಿಕ್ಕಪ್ಪನ ಮಗ ಫೋನ್‌ನಲ್ಲಿ ಕೇಳಿದ. ಮೂಡಿಗೆರೆ ಕಡೆ ತೋಟದ ಪಕ್ಕ ಮನೆ ಕಟ್ಟಿಸುತ್ತಿದ್ದಾನೆ. ಕೈಯಲ್ಲಿ ಮೂರು ಕೊಟೇಶನ್ ಇತ್ತು. ಒಂದು ಕೈ ಅಚ್ಚಿನ ನಾಟಿ ಇಟ್ಟಿಗೆ, ಇನ್ನೊಂದು ಯಂತ್ರದಲ್ಲಿ ತಂತಿಯಿಂದ ಕತ್ತರಿಸಿ ಮಾಡುವ ವೈರ್‌ಕಟ್ ಇಟ್ಟಿಗೆ, ಮೂರನೆಯದು ಆರಿಂಚಿನ ಸಿಮೆಂಟ್ ಬ್ಲಾಕ್, ಒಂದಕ್ಕೆ ನಲವತ್ತು ರೂಪಾಯಿ. ನಾನು ಹಾಸನದಲ್ಲಿ ಸೈಟ್ ಕೆಲಸ ಮಾಡಿಕೊಂಡಿರುವವನು. ಇದೇ ಪ್ರಶ್ನೆ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ. ಹಾಗಾಗಿ ಅವನಿಗೆ ಹಾಕಿಕೊಟ್ಟ ಲೆಕ್ಕವನ್ನೇ ಇಲ್ಲಿ ಬಿಡಿಸಿಡುತ್ತೇನೆ. ದರಗಳೆಲ್ಲ ಅವನ ಕೊಟೇಶನ್‌ನವು. ನಿಮ್ಮ ಸೈಟಿನ ದರ ಬೇರೆ ಇರುತ್ತದೆ, ಅದನ್ನು ಹಾಕಿಕೊಳ್ಳಿ. ಲೆಕ್ಕದ ದಾರಿ ಅದೇ.

ಮೊದಲು ಯಾವುದನ್ನು ನೋಡಬೇಕು

ಒಂದು ಇಟ್ಟಿಗೆಯ ಬೆಲೆ ಗೋಡೆಯ ಬೆಲೆ ಅಲ್ಲ. ಘನ ಮೀಟರ್ ಗೋಡೆಗೆ ಎಷ್ಟು ಇಟ್ಟಿಗೆ ಹೋಗುತ್ತದೆ, ಎಷ್ಟು ಒಡೆಯುತ್ತದೆ, ಎಷ್ಟು ಗಾರೆ ನುಂಗುತ್ತದೆ, ಮೇಸ್ತ್ರಿ ದಿನಕ್ಕೆ ಎಷ್ಟು ಕಟ್ಟುತ್ತಾನೆ: ಈ ನಾಲ್ಕು ಸೇರಿದರೆ ರೇಟ್. ಅದಾದ ಮೇಲೆ ಆ ಘನ ಮೀಟರ್‌ನಲ್ಲಿ ಎಷ್ಟು ಚದರ ಮೀಟರ್ ಗೋಡೆ ಎದ್ದಿತು ಅಂತ ನೋಡಬೇಕು. ಯಾಕೆಂದರೆ ಮನೆಗೆ ಬೇಕಿರುವುದು ಗೋಡೆಯ ಮುಖ, ಅದರ ದಪ್ಪ ಅಲ್ಲ. ಇದನ್ನು ಮರೆತವರೇ ಬ್ಲಾಕ್ ಮತ್ತು ಇಟ್ಟಿಗೆ ಹೋಲಿಸುವಾಗ ದಾರಿ ತಪ್ಪುವುದು.

ಕೊನೆಗೆ ಗಿಲಾವು. ಗೋಡೆ ಅಂಕುಡೊಂಕಾದರೆ ಅದರ ದಂಡ ಕಟ್ಟುವುದು ಗಿಲಾವಿನಲ್ಲಿ. ಇಟ್ಟಿಗೆ ಬಿಲ್‌ನಲ್ಲಿ ಅದು ಕಾಣುವುದೇ ಇಲ್ಲ.

ಇಪ್ಪತ್ತು ಇಟ್ಟಿಗೆ ಸಾಲಾಗಿ ಇಡಿ

ಪುಸ್ತಕದಲ್ಲಿ ಘನ ಮೀಟರ್‌ಗೆ 500 ಇಟ್ಟಿಗೆ ಅಂತ ಇರುತ್ತದೆ. ಅದು 19×9×9 ಸೆಂಟಿಮೀಟರ್‌ನ ಮಾಡ್ಯುಲರ್ ಇಟ್ಟಿಗೆಯ ಲೆಕ್ಕ. ಒಂದು ಸೆಂಟಿಮೀಟರ್ ಗಾರೆ ಸೇರಿಸಿದರೆ 20×10×10 ಆಗುತ್ತದೆ, ಅಲ್ಲಿಂದ ಸರಿಯಾಗಿ 500. ನಮ್ಮ ಕಡೆ ಗೂಡಿನಿಂದ ಬರುವ ನಾಟಿ ಇಟ್ಟಿಗೆ ಆ ಅಳತೆಯದ್ದಲ್ಲ. ಬಾಯಲ್ಲಿ ಒಂಬತ್ತು, ನಾಲ್ಕೂವರೆ, ಮೂರು ಇಂಚು ಅನ್ನುತ್ತಾರೆ. ಅಚ್ಚು ಸವೆದಿರುತ್ತದೆ, ಮಣ್ಣು ಒಣಗುವಾಗ ಮತ್ತು ಬೇಯುವಾಗ ಕುಗ್ಗಿರುತ್ತದೆ.

ಹಾಗಾಗಿ ಲೋಡ್‌ನ ಬೇರೆ ಬೇರೆ ಕಡೆಯಿಂದ ಇಪ್ಪತ್ತು ಇಟ್ಟಿಗೆ ತೆಗೆದು, ಒಂದಕ್ಕೊಂದು ತಾಗಿಸಿ ಸಾಲಾಗಿ ಇಡಿ. ಟೇಪ್ ಹಿಡಿದು ಒಟ್ಟು ಉದ್ದ ನೋಡಿ, ಇಪ್ಪತ್ತರಿಂದ ಭಾಗಿಸಿ. ಅಗಲ ಮತ್ತು ಎತ್ತರಕ್ಕೂ ಹಾಗೇ. ಇಟ್ಟಿಗೆಯ ಐಎಸ್ 1077 ಮಾನಕದಲ್ಲೂ ಅಳತೆ ನೋಡುವುದು ಇಪ್ಪತ್ತು ಇಟ್ಟಿಗೆಯ ಸಾಲಿನಲ್ಲೇ. ತಮ್ಮನ ಸೈಟಿನಲ್ಲಿ ನಾಟಿ ಇಟ್ಟಿಗೆ 21×10×7 ಸೆಂಟಿಮೀಟರ್ ಬಂತು. ವೈರ್‌ಕಟ್ 22.5×10.7×7.5. ಬ್ಲಾಕ್ ಹೇಳಿದ ಹಾಗೇ 40×20×15.

ಈಗ ಎಣಿಕೆ. ಒಂದಿಟ್ಟಿಗೆ ದಪ್ಪದ, ಅಂದರೆ ನಾವು ಒಂಬತ್ತಿಂಚಿನ ಗೋಡೆ ಅನ್ನುವ ಗೋಡೆಯಲ್ಲಿ, ಮುಂದೆ ಒಂದು ಇಟ್ಟಿಗೆ ಕಂಡರೆ ಹಿಂದೆ ಇನ್ನೊಂದು ಇರುತ್ತದೆ. ನಾಟಿ ಇಟ್ಟಿಗೆ ಒರಟು, ಗಾರೆ ಸಂದು 12 ಮಿಲಿಮೀಟರ್‌ಗಿಂತ ಕಮ್ಮಿ ಬರುವುದು ಕಷ್ಟ. ಹಾಗಾಗಿ ಎರಡು ಇಟ್ಟಿಗೆ ಸೇರಿ ಮುಚ್ಚುವ ಮುಖ 22.2×8.2 ಸೆಂಟಿಮೀಟರ್. ಚದರ ಮೀಟರ್‌ಗೆ 110 ಇಟ್ಟಿಗೆ. ಗೋಡೆಯ ದಪ್ಪ 21 ಸೆಂಟಿಮೀಟರ್, ಅದರಿಂದ ಭಾಗಿಸಿದರೆ ಘನ ಮೀಟರ್‌ಗೆ 523. ವೈರ್‌ಕಟ್ ಅಂಚು ನೇರ ಇರುವುದರಿಂದ ಸಂದು 10 ಮಿಲಿಮೀಟರ್ ಸಾಕು. ಅದು 445 ಬರುತ್ತದೆ. ಬ್ಲಾಕ್ ಎಪ್ಪತ್ತೇಳು ಚಿಲ್ಲರೆ.

ಎಂಟು ರೂಪಾಯಿ ಮತ್ತು ಹನ್ನೆರಡೂವರೆ ನಡುವಿನ ಅಂತರದಲ್ಲಿ ಒಂದು ಪಾಲು ಇಲ್ಲೇ ಕರಗಿತು ನೋಡಿ.

ವೇಸ್ಟೇಜ್: ಒಡೆದದ್ದು ಬೇರೆ, ಬಾರದೇ ಇದ್ದದ್ದು ಬೇರೆ

ಎಸ್ಟಿಮೇಟ್ ಬರೆಯುವಾಗ ಎಲ್ಲರೂ ಕಣ್ಣು ಮುಚ್ಚಿ ಐದು ಪರ್ಸೆಂಟ್ ಹಾಕುತ್ತಾರೆ. ಟಾರ್ ರಸ್ತೆ ಪಕ್ಕದ ಸೈಟಿಗೆ, ಚೆನ್ನಾಗಿ ಬೆಂದ ಇಟ್ಟಿಗೆಗೆ ಅದು ಸರಿಯೇ. ತಮ್ಮನ ಸೈಟಿಗೆ ಲಾರಿ ಹೋಗುವುದಿಲ್ಲ. ರಸ್ತೆ ಬದಿಯಲ್ಲಿ ಇಳಿಸಿ, ಟ್ರ್ಯಾಕ್ಟರ್‌ಗೆ ತುಂಬಿ, ತೋಟದ ದಾರಿಯಲ್ಲಿ ಎತ್ತಿ ಕುಕ್ಕಿಸಿಕೊಂಡು ಹೋಗಿ ಮತ್ತೆ ಇಳಿಸಬೇಕು. ಹೀಗೆ ಎರಡು ಸಲ ಇಳಿಸಿ ಏರಿಸುವ ಕಡೆ ನಾಟಿ ಇಟ್ಟಿಗೆಗೆ ಎಂಟು ಪರ್ಸೆಂಟ್ ಹಿಡಿದೆ. ವೈರ್‌ಕಟ್‌ಗೆ ಮೂರು, ಬ್ಲಾಕ್‌ಗೆ ಎರಡು. ಒಡೆದದ್ದೆಲ್ಲ ದಂಡವಲ್ಲ ಅನ್ನುವುದೂ ನೆನಪಿರಲಿ. ಅರ್ಧ ಇಟ್ಟಿಗೆ ಮೂಲೆಗೆ, ಮೇಲಿನ ಕೆಳಗಿನ ಸಂದು ಒಂದೇ ಗೆರೆಗೆ ಬರದ ಹಾಗೆ ನೋಡಿಕೊಳ್ಳುವುದಕ್ಕೆ ಬೇಕೇ ಬೇಕು. ಮೂರು ಚೂರಾದದ್ದು ಮಾತ್ರ ನಷ್ಟ.

ಇನ್ನೊಂದು ನಷ್ಟ ಇದೆ, ಅದನ್ನು ವೇಸ್ಟೇಜ್ ಅಂತ ಬರೆಯಬೇಡಿ. ನನ್ನ ಮನೆ ಕಟ್ಟುವಾಗ ಮೂರು ಸಾವಿರದ ಲೋಡ್ ಅಂತ ಬಂದದ್ದನ್ನು ಸುಮ್ನೆ ಕೂತು ಎಣಿಸಿದೆ. 2,860 ಇತ್ತು. ಕೊಟ್ಟವರನ್ನು ಕೇಳಿದರೆ "ದಾರಿಲಿ ಒಡೆದಿರುತ್ತೆ ಸಾರ್" ಅಂದರು. ಒಡೆದಿದ್ದರೆ ಚೂರಾದರೂ ಲಾರಿಯಲ್ಲಿ ಇರಬೇಕಿತ್ತು, ಅಲ್ವಾ? 140 ಇಟ್ಟಿಗೆ ಅಂದರೆ ಸುಮಾರು ಐದು ಪರ್ಸೆಂಟ್. ಅದನ್ನು ವೇಸ್ಟೇಜ್‌ಗೆ ಹಾಕಿಕೊಂಡರೆ ತಪ್ಪು ಮುಂದಿನ ಲೋಡ್‌ನಲ್ಲೂ ಹಾಗೇ ಮುಂದುವರಿಯುತ್ತದೆ. ಇಳಿಸುವಾಗಲೇ ಒಂದೇ ಅಳತೆಯ ಅಟ್ಟಿ ಹಾಕಿಸಿ, ಅಟ್ಟಿ ಲೆಕ್ಕದಲ್ಲಿ ದುಡ್ಡು ಕೊಡಿ.

ಗಾರೆ ಎಲ್ಲಿ ಹೋಗುತ್ತದೆ

ಘನ ಮೀಟರ್‌ನಲ್ಲಿ ಇಟ್ಟಿಗೆ ತುಂಬಿಕೊಂಡ ಜಾಗ ಕಳೆದರೆ ಉಳಿದದ್ದು ಗಾರೆ. ನಾಟಿ ಇಟ್ಟಿಗೆಗೆ 0.23 ಘನ ಮೀಟರ್ ಬರುತ್ತದೆ. ಆದರೆ ಸೊಟ್ಟ ಇಟ್ಟಿಗೆಯ ಕೆಳಗೆ ಗಾರೆ ಜಾಸ್ತಿ ಕೂರುತ್ತದೆ, ಕೆಳಗೆ ಉದುರಿದ್ದರಲ್ಲಿ ಸ್ವಲ್ಪ ವಾಪಸ್ ಬರುವುದಿಲ್ಲ. ಅದಕ್ಕೆ ಹದಿನೈದು ಪರ್ಸೆಂಟ್ ಸೇರಿಸಿ 0.265 ಹಿಡಿದೆ. ವೈರ್‌ಕಟ್‌ಗೆ ಸುಮಾರು 0.2 ಬಂತು, ಹತ್ತು ಪರ್ಸೆಂಟ್ ಸೇರಿ 0.216. ತೂತಿರುವ ವೈರ್‌ಕಟ್ ಆದರೆ ತೂತಿಗೂ ಗಾರೆ ಇಳಿಯುತ್ತದೆ, ಇನ್ನಷ್ಟು ಹಾಕಿಕೊಳ್ಳಿ. ಬ್ಲಾಕ್‌ಗೆ ಎಲ್ಲ ಸೇರಿ 0.08 ಸಾಕು.

ಒಂದಕ್ಕೆ ಆರರ ಗಾರೆಯಲ್ಲಿ, ಒಂದು ಘನ ಮೀಟರ್ ಕಲಸಿದ ಗಾರೆಗೆ ಒಣ ಮಾಲು ಸುಮಾರು 1.3 ಘನ ಮೀಟರ್ ಬೇಕು. ನೀರು ಬಿದ್ದ ಮೇಲೆ ಮರಳಿನ ಸಂದಿಗೆ ಸಿಮೆಂಟ್ ಇಳಿದು ಅದು ಕುಗ್ಗುತ್ತದೆ. ಏಳು ಪಾಲಿನಲ್ಲಿ ಒಂದು ಸಿಮೆಂಟ್. ಒಂದು ಮೂಟೆ 0.0347 ಘನ ಮೀಟರ್. ಲೆಕ್ಕ ಹಾಕಿದರೆ ಐದೂವರೆ ಮೂಟೆಗೆ ಸ್ವಲ್ಪ ಕಮ್ಮಿ, 5.35. ಎಂ ಸ್ಯಾಂಡ್ 1.11 ಘನ ಮೀಟರ್.

ಇದರಿಂದ ನಾಟಿ ಇಟ್ಟಿಗೆ ಗೋಡೆಗೆ ಘನ ಮೀಟರ್‌ಗೆ 1.42 ಮೂಟೆ ಬೀಳುತ್ತದೆ, ವೈರ್‌ಕಟ್‌ಗೆ 1.16, ಬ್ಲಾಕ್‌ಗೆ ಅರ್ಧ ಮೂಟೆಯೂ ಇಲ್ಲ. ಈ ಸಂಖ್ಯೆಯನ್ನು ಬಿಲ್ ಬರೆಯುವುದಕ್ಕಿಂತ ಕಾವಲಿಗೆ ಬಳಸಿ. ಹತ್ತು ಘನ ಮೀಟರ್ ನಾಟಿ ಗೋಡೆ ಎದ್ದ ದಿನ ಖಾಲಿ ಚೀಲ ಎಣಿಸಿ. ಹದಿನಾಲ್ಕರ ಆಸುಪಾಸು ಇರಬೇಕು. ಇಪ್ಪತ್ತು ಇದ್ದರೆ ಸಂದು ದಪ್ಪ ಬರುತ್ತಿದೆ, ಇಲ್ಲವೇ ಕಲಸಿಟ್ಟ ಗಾರೆ ಗಟ್ಟಿಯಾಗಿ ಸಂಜೆ ಚೆಲ್ಲುತ್ತಿದ್ದಾರೆ. ಹತ್ತೇ ಇದ್ದರೆ ಖುಷಿ ಪಡಬೇಡಿ. ಬಾಂಡ್ಲಿ ಲೆಕ್ಕದಲ್ಲಿ ಮರಳು ಎಂಟು ಒಂಬತ್ತು ಪಾಲು ಬೀಳುತ್ತಿದೆ. ಒಣಗಿದ ಸಂದನ್ನು ಮೊಳೆಯಿಂದ ಗೀರಿ ನೋಡಿ, ಪುಡಿ ಪುಡಿ ಉದುರಿದರೆ ಅನುಮಾನವೇ ಬೇಡ.

ಕೂಲಿ

ಇಬ್ಬರು ಮೇಸ್ತ್ರಿ, ಮೂವರು ಹೆಲ್ಪರ್ ಒಂದು ತಂಡ. ಮೇಸ್ತ್ರಿಗೆ ಸಾವಿರ, ಹೆಲ್ಪರ್‌ಗೆ 700 ಅಂದರೆ ದಿನಕ್ಕೆ 4,100. ಈ ತಂಡ ನಾಟಿ ಇಟ್ಟಿಗೆಯಲ್ಲಿ ಎರಡೂವರೆ ಘನ ಮೀಟರ್ ಕಟ್ಟುತ್ತದೆ. ಬರೀ ನೇರ ಗೋಡೆ ಆದರೆ ಇನ್ನೂ ಸ್ವಲ್ಪ ಜಾಸ್ತಿ, ಕಿಟಕಿ ಮೂಲೆ ಜಾಸ್ತಿ ಇದ್ದರೆ ಕಮ್ಮಿ. ವೈರ್‌ಕಟ್‌ನಲ್ಲಿ 2.8 ಹಿಡಿದೆ, ದಾರ ಹಿಡಿದು ಒತ್ತಿ ಸರಿಮಾಡುವ ಕೆಲಸ ಕಮ್ಮಿ. ಬ್ಲಾಕ್ ಒಂದು ಸುಮಾರು 25 ಕೆಜಿ, ಬೆನ್ನು ಹಿಡಿಯುತ್ತದೆ. ಒಬ್ಬ ಮೇಸ್ತ್ರಿ ದಿನಕ್ಕೆ 110 ಕೂರಿಸಿದರೆ ಒಳ್ಳೆಯ ಕೆಲಸ. ತಂಡಕ್ಕೆ ಅದು 2.84 ಘನ ಮೀಟರ್.

ಘನ ಮೀಟರ್‌ನಲ್ಲಿ ನೋಡಿದರೆ ಬ್ಲಾಕ್ ಕೂಲಿ ಇಟ್ಟಿಗೆಯ ಕೂಲಿಗಿಂತ ಅಂಥ ಕಮ್ಮಿ ಅನಿಸುವುದಿಲ್ಲ. ಆದರೆ ಅದೇ ದಿನ ಬ್ಲಾಕ್ ತಂಡ 19 ಚದರ ಮೀಟರ್ ಗೋಡೆ ಎಬ್ಬಿಸಿರುತ್ತದೆ, ನಾಟಿ ತಂಡ ಹನ್ನೆರಡು.

ಮಲೆನಾಡಿನ ಮಾತು ಒಂದಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ದಿನಗೂಲಿ ಮೇಲೆ ಗೋಡೆ ಕಟ್ಟಿಸಬೇಡಿ. ಮಳೆ ಹೊಡೆದು ದಿನಕ್ಕೆ ಒಂದೂವರೆ ಘನ ಮೀಟರ್‌ಗೆ ಇಳಿದರೆ ಘನ ಮೀಟರ್ ಕೂಲಿ 1,640 ಇದ್ದದ್ದು 2,733 ಆಗುತ್ತದೆ. ಆಗ ಅಳತೆ ಮೇಲೆ ಗುತ್ತಿಗೆ ಕೊಡುವುದೇ ಮೇಲು. ಅದರಲ್ಲಿ ಅವಸರದ ಕೆಲಸ ಆಗುತ್ತದೆ, ನಿಜ. ತೂಗುಗುಂಡು ಹಿಡಿದು ನೋಡುವ ಕೆಲಸ ನಿಮ್ಮ ಪಾಲಿಗೆ ಬೀಳುತ್ತದೆ.

ಮೂರನ್ನೂ ಒಟ್ಟಿಗೆ ಇಟ್ಟು

ಸಿಮೆಂಟ್ ಮೂಟೆಗೆ 400, ಎಂ ಸ್ಯಾಂಡ್ ಸೈಟಿಗೆ ಬಂದು ಬಿದ್ದಾಗ ಘನ ಮೀಟರ್‌ಗೆ 1,800. ಸಾರುವೆ, ನೀರು, ಕ್ಯೂರಿಂಗ್‌ಗೆ ನಾಲ್ಕು ಪರ್ಸೆಂಟ್. ಗುತ್ತಿಗೆದಾರರ ಖರ್ಚು ಮತ್ತು ಲಾಭ ಹದಿನೈದು ಪರ್ಸೆಂಟ್, ಕೇಂದ್ರ ಲೋಕೋಪಯೋಗಿ ಇಲಾಖೆಯ ರೇಟ್ ಅನಾಲಿಸಿಸ್‌ನಲ್ಲೂ ಅಷ್ಟೇ ಹಿಡಿಯುತ್ತಾರೆ. ಎಲ್ಲ ಅಂಕಿ ರೂಪಾಯಿಯಲ್ಲಿ:

| ಘನ ಮೀಟರ್‌ಗೆ | ನಾಟಿ | ವೈರ್‌ಕಟ್ | 6 ಇಂಚು ಬ್ಲಾಕ್ |
|---|---|---|---|
| ಇಟ್ಟಿಗೆ/ಬ್ಲಾಕ್, ವೇಸ್ಟೇಜ್ ಸೇರಿ | 565 × 8 = 4,520 | 458 × 12.50 = 5,725 | 79 × 40 = 3,160 |
| ಸಿಮೆಂಟ್ ಮತ್ತು ಮರಳು | 1,099 | 896 | 334 |
| ಕೂಲಿ | 1,640 | 1,464 | 1,444 |
| 4% ಮತ್ತು 15% ಸೇರಿ ಒಟ್ಟು | 8,682 | 9,670 | 5,906 |
| ಚದರ ಮೀಟರ್ ಗೋಡೆಗೆ | 1,823 | 2,176 | 886 |

ಒಂದು ಇಟ್ಟಿಗೆಯ ಬೆಲೆಯಲ್ಲಿ ವೈರ್‌ಕಟ್ ಶೇಕಡಾ 56 ದುಬಾರಿ. ಘನ ಮೀಟರ್‌ನಲ್ಲಿ ಅದು ಹನ್ನೊಂದೇ ಪರ್ಸೆಂಟ್. ಚದರ ಮೀಟರ್‌ಗೆ ಬಂದಾಗ ಮತ್ತೆ ಹತ್ತೊಂಬತ್ತಕ್ಕೆ ಏರುತ್ತದೆ, ಯಾಕೆಂದರೆ ಆ ಗೋಡೆ ಒಂದೂವರೆ ಸೆಂಟಿಮೀಟರ್ ಜಾಸ್ತಿ ದಪ್ಪ.

ಇದೇ ದಪ್ಪದ ವಿಷಯದಲ್ಲಿ ಒಂದು ಬಲೆ ಇದೆ. ಅಳತೆ ಬರೆಯುವಾಗ "ಒಂಬತ್ತಿಂಚಿನ ಗೋಡೆ, 0.23" ಅಂತ ಬರೆದುಬಿಡುತ್ತಾರೆ. ನಾಟಿ ಗೋಡೆ ನಿಜವಾಗಿ ಇರುವುದು 0.21. ತಮ್ಮನ ಮನೆಗೆ ಬಾಗಿಲು ಕಿಟಕಿ ಕಳೆದು 140 ಚದರ ಮೀಟರ್ ಹೊರಗೋಡೆ. 0.23 ಹಿಡಿದರೆ 32.2 ಘನ ಮೀಟರ್, ನಿಜದಲ್ಲಿ 29.4. ವ್ಯತ್ಯಾಸ 2.8 ಘನ ಮೀಟರ್, ಅಂದರೆ ಇಪ್ಪತ್ತನಾಲ್ಕು ಸಾವಿರ ರೂಪಾಯಿ. ಕಟ್ಟದೇ ಇರುವ ಗೋಡೆಗೆ! ಇದು ಯಾವಾಗಲೂ ಮೋಸ ಅಂತಲ್ಲ. ಕೆಲವರು 0.23 ದಪ್ಪಕ್ಕೇ ರೇಟ್ ಕಮ್ಮಿ ಮಾಡಿ ಹೇಳಿರುತ್ತಾರೆ. ಯಾವ ದಪ್ಪಕ್ಕೆ ರೇಟ್ ಹೇಳಿದರೋ ಅದೇ ದಪ್ಪದಲ್ಲಿ ಅಳತೆ ಆಗಬೇಕು, ಅಷ್ಟೇ. ಅದನ್ನು ಒಪ್ಪಂದದಲ್ಲಿ ಒಂದು ಸಾಲಲ್ಲಿ ಬರೆಸಿ. ಬಾಗಿಲು ಕಿಟಕಿ ಪೂರ್ತಿ ಕಳೆಯುತ್ತಾರಾ ಅಂತಲೂ ಅಲ್ಲೇ ಬರೆಸಿ. ಸಾಮಾನ್ಯ ಪದ್ಧತಿಯಲ್ಲಿ 0.1 ಚದರ ಮೀಟರ್‌ವರೆಗಿನ ಸಣ್ಣ ಕಿಂಡಿಯನ್ನು ಕಳೆಯುವುದಿಲ್ಲ, ಅದಕ್ಕೆ ಜಗಳ ಬೇಡ.

ನಾಟಿ ಯಾರಿಗೆ

ಒಂದೇ ಅಂತಸ್ತು, ಪಿಲ್ಲರ್ ಇಲ್ಲದೆ ಗೋಡೆ ಮೇಲೇ ಮೋಲ್ಡ್ ಕೂರಿಸುವವರಿಗೆ, ಒಳಗೆ ಹೊರಗೆ ಎರಡೂ ಕಡೆ ಗಿಲಾವು ಮಾಡಿಸುವವರಿಗೆ ಇದು ಸರಿ. ಆದರೆ ಒರಟು ಗೋಡೆಗೆ ಗಿಲಾವು ಆರೇಳು ಮಿಲಿಮೀಟರ್ ಜಾಸ್ತಿ ದಪ್ಪ ಬೀಳುತ್ತದೆ. ಎರಡು ಕಡೆಗೆ ಸೇರಿ ಚದರ ಮೀಟರ್‌ಗೆ 65 ರೂಪಾಯಿ ಸುಮಾರು. ಅದನ್ನು ಸೇರಿಸಿದರೂ ವೈರ್‌ಕಟ್‌ಗಿಂತ ಇನ್ನೂ 288 ಕಮ್ಮಿ. ಇದನ್ನು ಇಟ್ಟಿಗೆಗೆ ತಿರುಗಿಸಿದರೆ ಒಂದಕ್ಕೆ ಎರಡು ರೂಪಾಯಿ. ಅಂದರೆ ವೈರ್‌ಕಟ್ ಹನ್ನೆರಡೂವರೆಗೆ ಸಿಗುವಾಗ ನಾಟಿ ಇಟ್ಟಿಗೆ ಸೈಟಿಗೆ ಬಂದು ಹತ್ತು ರೂಪಾಯಿ ಆದರೆ ಎರಡೂ ಸಮ. ಮಳೆಗಾಲದಲ್ಲಿ ಗೂಡು ನಿಂತಾಗ ಹಳೇ ದಾಸ್ತಾನಿಗೆ ಬೆಲೆ ಏರುತ್ತದಲ್ಲ, ಆಗ ಈ ಹತ್ತರ ಗೆರೆ ನೆನಪಿಟ್ಟುಕೊಳ್ಳಿ.

ಕೊಳ್ಳುವ ಮುಂಚೆ ನೀರಿನ ಪರೀಕ್ಷೆ ಮಾಡಲೇಬೇಕು, ಮೂಡಿಗೆರೆ ಸಕಲೇಶಪುರ ಕಡೆಯವರಂತೂ. ಪೂರ್ತಿ ಒಣಗಿದ ಇಟ್ಟಿಗೆ ತೂಗಿ, ಇಪ್ಪತ್ನಾಲ್ಕು ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಎರಡೂವರೆ ಕೆಜಿ ಇದ್ದದ್ದು ಮೂರು ಕೆಜಿ ದಾಟಬಾರದು. ಶೇಕಡಾ 20ಕ್ಕಿಂತ ಜಾಸ್ತಿ ನೀರು ಕುಡಿದರೆ ಅದು ಅರೆಬೆಂದ ಇಟ್ಟಿಗೆ. ಅಂಥದ್ದು ತೋಟದ ದಾರಿಯಲ್ಲಿ ಎಂಟಲ್ಲ, ಹದಿನೈದು ಪರ್ಸೆಂಟ್ ಒಡೆಯುತ್ತದೆ. ಘನ ಮೀಟರ್‌ಗೆ ಇನ್ನೂ 350 ರೂಪಾಯಿ ಹೋಯಿತು.

ವೈರ್‌ಕಟ್ ಯಾರಿಗೆ

ಹೊರಗಡೆ ಗಿಲಾವು ಬೇಡ, ಇಟ್ಟಿಗೆಯೇ ಕಾಣಲಿ ಅನ್ನುವವರಿಗೆ. ತಮ್ಮನ ಕೊಟೇಶನ್‌ನಲ್ಲಿ ಹೊರಗಿನ ಗಿಲಾವು ಪೇಂಟ್ ಸೇರಿ ಚದರ ಮೀಟರ್‌ಗೆ 380 ಇತ್ತು, ಸಂದು ತುಂಬುವ ಪಾಯಿಂಟಿಂಗ್‌ಗೆ 100. ವೈರ್‌ಕಟ್ ಗೋಡೆ ಪಾಯಿಂಟಿಂಗ್ ಸೇರಿ 2,276. ನಾಟಿ ಗೋಡೆ ಹೊರಗಿನ ಗಿಲಾವು ಸೇರಿ 2,203, ಒರಟಿಗೆ ಬೀಳುವ ದಪ್ಪದ 65 ಸೇರಿದರೆ 2,268. ಎಂಟು ರೂಪಾಯಿ ವ್ಯತ್ಯಾಸ! ಇಲ್ಲಿಗೆ ಬಂದಾಗ ತಮ್ಮ ಸುಮ್ಮನಾದ.

ಹಾಸನ, ಅರಸೀಕೆರೆ ಕಡೆ ಮಳೆ ಕಮ್ಮಿ ಇರುವಲ್ಲಿ ನಾನು ಇದನ್ನೇ ಹೇಳುತ್ತೇನೆ. ಘಟ್ಟದ ಅಂಚಿನಲ್ಲಿ ಮಾತ್ರ ಯೋಚನೆ ಮಾಡಿ. ಗಾಳಿ ಮಳೆ ನೇರ ಗೋಡೆಗೆ ಹೊಡೆಯುವ ದಿಕ್ಕಿನಲ್ಲಿ ಸೂರು ಮೂರು ಅಡಿಯಾದರೂ ಮುಂದೆ ಬರಬೇಕು. ಇಲ್ಲದಿದ್ದರೆ ಗಾರೆ ಸಂದಿನಿಂದ ನೀರು ಒಳಗೆ ಇಳಿಯುತ್ತದೆ, ಒಳಗಿನ ಪೇಂಟ್ ಹೊಪ್ಪಳ ಏಳುತ್ತದೆ. ಆಮೇಲೆ ಹೊರಗೆ ಗಿಲಾವು ಮಾಡಿಸಿದರೆ ಎರಡು ದುಡ್ಡೂ ಹೋದ ಹಾಗೆ.

ಬ್ಲಾಕ್ ಯಾರಿಗೆ

886 ನೋಡಿ ಕುಣಿಯಬೇಡಿ. ಆರಿಂಚಿನ ಬ್ಲಾಕ್ ಗೋಡೆ ಅಂದರೆ ಭಾರ ಹೊರುವುದು ಪಿಲ್ಲರ್ ಮತ್ತು ಬೀಮ್. ಅದರ ಕಬ್ಬಿಣ ಕಾಂಕ್ರೀಟಿನ ಖರ್ಚು ಈ ರೇಟಿನಲ್ಲಿ ಇಲ್ಲ. ಹೇಗೂ ಎರಡು ಅಂತಸ್ತಿಗೆ ಪಿಲ್ಲರ್ ಹಾಕುವವರಾದರೆ ಮಾತು ಬೇರೆ, ಆಗ ಇದಕ್ಕಿಂತ ಅಗ್ಗದ್ದು ಇಲ್ಲ. ಪಿಲ್ಲರ್ ಬೇಡ ಅಂದರೆ ಎಂಟಿಂಚಿನ ಬ್ಲಾಕ್‌ಗೆ ಹೋಲಿಸಿ. ಒಂದಕ್ಕೆ 52 ರೂಪಾಯಿಯಂತೆ, ಅದು ಚದರ ಮೀಟರ್‌ಗೆ 1,150ರ ಸುಮಾರು ಬರುತ್ತದೆ. ಆಗಲೂ ನಾಟಿಗಿಂತ ಕಮ್ಮಿಯೇ. ಆದರೆ ಗೋಡೆ ಮೇಲೆ ಎಷ್ಟು ಭಾರ ಬೀಳುತ್ತದೆ, ಬ್ಲಾಕ್‌ಗೆ ಅಷ್ಟು ಬಲ ಇದೆಯಾ ಅಂತ ಎಂಜಿನಿಯರ್ ನೋಡದೆ ಕಟ್ಟಬೇಡಿ.

ಬ್ಲಾಕ್‌ನ ಕಾಯಿಲೆ ಬಿರುಕು. ಸಿಮೆಂಟ್ ಬ್ಲಾಕ್ ಒಣಗುತ್ತಾ ಕುಗ್ಗುತ್ತದೆ. ಕಳೆದ ವಾರ ಅಚ್ಚಿನಿಂದ ತೆಗೆದದ್ದನ್ನು ಈ ವಾರ ಗೋಡೆಗೆ ಇಟ್ಟರೆ ಅದು ಗೋಡೆಯಲ್ಲೇ ಕುಗ್ಗಿ, ಗಿಲಾವಿನ ಮೇಲೆ ಮೆಟ್ಟಿಲಿನ ಆಕಾರದ ಬಿರುಕು ತೋರಿಸುತ್ತದೆ. ಕ್ಯೂರಿಂಗ್ ಮುಗಿದು, ಒಟ್ಟು ಇಪ್ಪತ್ತೆಂಟು ದಿನ ಕಳೆದು ಒಣಗಿದ ಮಾಲನ್ನೇ ಕೇಳಿ. ಎರಡು ಬ್ಲಾಕ್ ಒಂದಕ್ಕೊಂದು ತಟ್ಟಿದರೆ ಗಟ್ಟಿ ಸದ್ದು ಬರಬೇಕು, ಮೂಲೆ ಉಗುರಿಗೆ ಉದುರಬಾರದು. ಇಟ್ಟಿಗೆಯ ಹಾಗೆ ನೀರಲ್ಲಿ ನೆನೆಸಿಟ್ಟು ಕಟ್ಟುವ ಅಭ್ಯಾಸ ಇಲ್ಲಿ ಬೇಡ. ಮೇಲ್ಮೈ ಸ್ವಲ್ಪ ಒದ್ದೆ ಮಾಡಿದರೆ ಸಾಕು.

ತಮ್ಮ ಕೊನೆಗೆ ಹೊರಗೋಡೆಗೆ ನಾಟಿ ಇಟ್ಟಿಗೆ ಹಿಡಿದ, ಭಾರ ಬೀಳದ ಒಳಗಿನ ಅಡ್ಡಗೋಡೆಗೆ ಆರಿಂಚಿನ ಬ್ಲಾಕ್. ಘಟ್ಟದ ಮಳೆಗೆ ಹೊರಗೆ ಗಿಲಾವು ಹೇಗೂ ಬೇಕಾಗಿತ್ತು, ಹಾಗಾಗಿ ವೈರ್‌ಕಟ್‌ನ ಲಾಭ ಅವನಿಗೆ ಸಿಗುತ್ತಿರಲಿಲ್ಲ. ಇಟ್ಟಿಗೆಯೂ ಬ್ಲಾಕೂ ಸೇರುವ ಮೂಲೆಯಲ್ಲಿ ಬಿರುಕು ಬರದಿರಲು ಗಿಲಾವಿನ ಕೆಳಗೆ ಕೋಳಿ ಜಾಲರಿ ಹೊಡೆಸು ಅಂದಿದ್ದೇನೆ. ಮೊದಲ ಲೋಡ್ ಫೆಬ್ರವರಿಯಲ್ಲಿ ಇಳಿಯಿತು. ಎಣಿಸಿದನಾ ಅಂತ ಕೇಳಿದೆ. "ಎಣಿಸ್ದೆ ಅಣ್ಣ, ನಲವತ್ತು ಕಮ್ಮಿ ಇತ್ತು, ದುಡ್ಡು ಹಿಡ್ಕೊಂಡೆ" ಅಂದ.